ಹಬ್ಬಿಗೂ ಚಕ್ರಕ್ಕೂ ನಡುವೆ ಐದು ಮಿಲಿಮೀಟರ್

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ 'ವೀಲ್ ಸ್ಪೇಸರ್ ಕೊಡಿ' ಎಂದರೆ ಅಲ್ಯೂಮಿನಿಯಂ ಬಿಲ್ಲೆಗಳನ್ನು ಜೋಡಿ ಲೆಕ್ಕದಲ್ಲಿ ತೆಗೆದು ಮುಂದಿಡುತ್ತಾರೆ. ನಡುವೆ ಒಂದು ದೊಡ್ಡ ತೂತು, ಸುತ್ತ ನಾಲ್ಕೋ ಐದೋ ಸಣ್ಣ ತೂತು, ಅಷ್ಟೇ. ಮೂರು ಮಿಲಿಮೀಟರ್ ದಪ್ಪದ್ದರಿಂದ ಹಿಡಿದು ಅಂಗೈ ಭಾರವಾಗುವಷ್ಟು ದಪ್ಪದ್ದರವರೆಗೆ ಇರುತ್ತವೆ. ಕಾರಿನ ಚಕ್ರ ಬಿಚ್ಚಿ, ಈ ಬಿಲ್ಲೆಯನ್ನು ಹಬ್ಬಿನ ಮೇಲೆ ಕೂರಿಸಿ, ಮತ್ತೆ ಚಕ್ರ ಹಾಕಿದರೆ ಬಿಲ್ಲೆಯ ದಪ್ಪದಷ್ಟು ಚಕ್ರ ಹೊರಕ್ಕೆ ಬರುತ್ತದೆ. ಕಾರು ಸ್ವಲ್ಪ ಎದೆ ಉಬ್ಬಿಸಿ ನಿಂತಂತೆ ಕಾಣುತ್ತದೆ. ಬಹಳ ಮಂದಿಗೆ ಬೇಕಾದದ್ದು ಅಷ್ಟೇ.

ಕೆಲವರಿಗೆ ನೋಟಕ್ಕಿಂತ ಗಟ್ಟಿಯಾದ ಕಾರಣವೂ ಇರುತ್ತದೆ. ಕಂಪನಿಯ ರಿಮ್ಮಿನ ಅಗಲ 6 ಇಂಚು, ಹೊಸದಾಗಿ ಕೊಂಡ ಅಲಾಯ್ ವೀಲ್ 7 ಇಂಚು ಎಂದಿಟ್ಟುಕೊಳ್ಳಿ. ಎರಡರ ಆಫ್‌ಸೆಟ್ಟೂ 45. ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಟ್ಟನಡುವಿನಿಂದ, ಹಬ್ಬಿಗೆ ತಾಗುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಅಳತೆ. ಆಫ್‌ಸೆಟ್ ಬದಲಾಗದೆ ಅಗಲ ಮಾತ್ರ ಒಂದಿಂಚು ಹೆಚ್ಚಿದರೆ ಆ ಹೆಚ್ಚಳ ಎರಡೂ ಬದಿಗೆ ಹಂಚಿಹೋಗುತ್ತದೆ. ಹೊರಗೆ 12.7 ಮಿ.ಮೀ., ಒಳಗೂ ಅಷ್ಟೇ. ಒಳಬದಿಯಲ್ಲಿ ಶಾಕ್ ಅಬ್ಸಾರ್ಬರ್ ಕಂಬ ನಿಂತಿರುತ್ತದೆ. ಟೈರು ಅದಕ್ಕೆ ಉಜ್ಜುತ್ತದೆ. ಅಂಗಡಿಯವರು ಆಗ ಐದು ಮಿಲಿಮೀಟರಿನ ಸ್ಪೇಸರ್ ಹಾಕುತ್ತಾರೆ, ಆಫ್‌ಸೆಟ್ 40 ಆದಂತಾಗುತ್ತದೆ, ಉಜ್ಜುವುದು ನಿಲ್ಲುತ್ತದೆ. ಗ್ರಾಹಕನೂ ಖುಷಿ, ಅಂಗಡಿಯವನೂ ಖುಷಿ.

ಒಂದು ವಿಷಯವನ್ನು ಮೊದಲೇ ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು. ಚಕ್ರ ಹೊರಗೆ ಬಂದದ್ದರಿಂದ ಆಗುವ ತೊಂದರೆಗಳೇ ಬೇರೆ, ನಡುವೆ ಒಂದು ಬಿಲ್ಲೆ ಕೂತದ್ದರಿಂದ ಆಗುವ ತೊಂದರೆಗಳೇ ಬೇರೆ. ಆಫ್‌ಸೆಟ್ 40 ಇರುವ ರಿಮ್ಮನ್ನೇ ಕೊಂಡು ಹಾಕಿದ್ದರೂ ಚಕ್ರ ಅಷ್ಟೇ ಹೊರಗೆ ಬರುತ್ತಿತ್ತು. ಬೇರಿಂಗಿಗೂ ಸ್ಟೀರಿಂಗಿಗೂ ಆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. 'ಸ್ಪೇಸರ್ ಹಾಕಿದರೆ ಬೇರಿಂಗ್ ಹೋಗುತ್ತೆ' ಎಂದು ಹೆದರಿಸುವವರು, ಕಡಿಮೆ ಆಫ್‌ಸೆಟ್ಟಿನ ಅಗಲ ರಿಮ್ಮನ್ನು ತಾವೇ ಹಾಕಿಕೊಂಡಿರುವುದು ಅಪರೂಪವೇನಲ್ಲ. ಸ್ಪೇಸರಿನದೇ ಆದ ಅಪಾಯವಿರುವುದು ಜೋಡಣೆಯಲ್ಲಿ. ಚಕ್ರ ಕಾರಿಗೆ ಅಂಟಿಕೊಂಡಿರುವ ಬಗೆ ಹೇಗೆ ಎಂದು ತಿಳಿದರೆ ಅದು ಅರ್ಥವಾಗುತ್ತದೆ.

ಕಾರಿನ ಭಾರ ಸ್ಟಡ್ಡುಗಳ ಮೇಲೆ ನೇತಾಡುತ್ತಿದೆ ಎಂದು ಬಹುತೇಕರು ತಿಳಿದಿರುತ್ತಾರೆ. ಹಾಗಲ್ಲ. ಹತ್ತು ಪುಸ್ತಕಗಳನ್ನು ಸಾಲಾಗಿ ಎರಡು ಅಂಗೈಗಳ ನಡುವೆ ಒತ್ತಿ ಎತ್ತಿದಾಗ ನಡುವಿನ ಪುಸ್ತಕಗಳು ಜಾರದಿರುವುದು ಒತ್ತಡಕ್ಕೆ ಹುಟ್ಟುವ ಘರ್ಷಣೆಯಿಂದ. ಚಕ್ರವೂ ಹಬ್ಬಿನ ಮುಖಕ್ಕೆ ಹೀಗೆಯೇ ಒತ್ತಿ ಹಿಡಿಯಲ್ಪಟ್ಟಿರುತ್ತದೆ. ಒತ್ತುವ ಅಂಗೈಗಳ ಕೆಲಸವನ್ನು ನಟ್ಟುಗಳು ಮಾಡುತ್ತವೆ. 12 ಮಿ.ಮೀ. ವ್ಯಾಸದ ಸ್ಟಡ್ಡಿಗೆ 100 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ನಟ್ಟು ಬಿಗಿದರೆ, ಥ್ರೆಡ್ ಒಣಗಿದ್ದು ಸ್ವಚ್ಛವಾಗಿದ್ದರೆ, ಒಂದೊಂದು ಸ್ಟಡ್ಡೂ ಸುಮಾರು ನಾಲ್ಕು ಟನ್ ಬಲದಿಂದ ಚಕ್ರವನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ನಾಲ್ಕು ಸ್ಟಡ್ಡಿಗೆ ಹದಿನಾರು ಹದಿನೇಳು ಟನ್. ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯನ್ನು ಕಡಿಮೆಯೆಂದೇ ಹಿಡಿದರೂ ಚಕ್ರವನ್ನು ಜಾರಿಸಲು ಎರಡೂವರೆ ಟನ್‌ನಷ್ಟು ಬಲ ಬೇಕು. ನಾಲ್ಕು ಜನ ಕೂತ ಚಿಕ್ಕ ಕಾರಿನ ಒಂದು ಚಕ್ರದ ಪಾಲಿಗೆ ಬರುವ ಭಾರ ಸುಮಾರು 300 ಕಿಲೋ. ರಸ್ತೆ ಗುಂಡಿಗೆ ವೇಗವಾಗಿ ಇಳಿದಾಗ ಆ ಭಾರ ಹಲವು ಪಟ್ಟಾದರೂ ತಡೆಯಲಿ ಎಂದೇ ಇಷ್ಟು ಮೀಸಲು ಇಟ್ಟಿರುತ್ತಾರೆ.

ಒತ್ತಡ ಪೂರ್ತಿ ಇರುವವರೆಗೆ ಸ್ಟಡ್ಡಿಗೆ ಬಾಗುವ ಕೆಲಸವೇ ಇಲ್ಲ. ಅದು ಎಳೆದ ತಂತಿಯ ಹಾಗೆ ನೆಟ್ಟಗೆ ಬಿಗಿದುಕೊಂಡಿರುತ್ತದೆ. ಒತ್ತಡ ಅರ್ಧಕ್ಕೆ ಇಳಿದರೆ ಚಕ್ರ ಹಬ್ಬಿನ ಮೇಲೆ ಕೂದಲೆಳೆಯಷ್ಟು ಜಾರಲು ತೊಡಗುತ್ತದೆ, ಚಕ್ರ ಸುತ್ತಿದ ಪ್ರತಿ ಸಲವೂ ಸ್ಟಡ್ಡು ಅತ್ತಿಂದಿತ್ತ ಬಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಿಕ್ಕ ಕಾರಿನ ಚಕ್ರ ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಅಷ್ಟು ಸಲ ಬಾಗಿದ ಉಕ್ಕು ದಣಿದು ಸೀಳುಬಿಟ್ಟು ಒಂದು ದಿನ ಮುರಿಯುತ್ತದೆ. ಚಕ್ರ ಕಳಚಿಕೊಂಡು ಹೋದ ಕಾರುಗಳಲ್ಲಿ ಮುರಿದ ಸ್ಟಡ್ಡು ನೋಡಿ 'ಸ್ಟಡ್ಡು ಲೋಕಲ್ ಮಾಲು' ಎನ್ನುತ್ತಾರೆ. ಎಷ್ಟೋ ಸಲ ಮಾಲು ಸರಿಯೇ ಇರುತ್ತದೆ, ಬಿಗಿ ಮೊದಲೇ ಹೋಗಿರುತ್ತದೆ.

ನಮ್ಮ ಐದು ಮಿಲಿಮೀಟರಿನ ಬಿಲ್ಲೆ ಈ ಬಿಗಿಯನ್ನು ಎರಡು ದಾರಿಯಲ್ಲಿ ಕೆಡಿಸಬಲ್ಲದು. ಮೊದಲನೆಯದು ಕಣ್ಣಿಗೇ ಕಾಣುವಂಥದ್ದು. ಹಬ್ಬಿನಿಂದ ಹೊರಚಾಚಿದ ಸ್ಟಡ್ಡಿನ ಉದ್ದ ಕಂಪನಿ ಕೊಟ್ಟಷ್ಟೇ. ಬಿಲ್ಲೆ ನಡುವೆ ಬಂದರೆ ನಟ್ಟಿಗೆ ಸಿಗುವ ಥ್ರೆಡ್ ಐದು ಮಿ.ಮೀ. ಕಡಿಮೆಯಾಗುತ್ತದೆ. ಮಾರುತಿ ಸ್ವಿಫ್ಟ್‌ನ ಸ್ಟಡ್ಡು 12 ಮಿ.ಮೀ. ವ್ಯಾಸದ್ದು, ಥ್ರೆಡ್ಡಿನ ಅಂತರ 1.25 ಮಿ.ಮೀ. ಅಂದರೆ ನಟ್ಟು ಒಂದು ಸುತ್ತು ತಿರುಗಿದರೆ 1.25 ಮಿ.ಮೀ. ಒಳಸರಿಯುತ್ತದೆ. ಗ್ಯಾರೇಜುಗಳ ಹಳೆಯ ನಿಯಮ ಸರಳ: ನಟ್ಟು ಹಿಡಿದುಕೊಂಡಿರುವ ಉದ್ದ ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಇರಬೇಕು. ಇಲ್ಲಿ 12 ಮಿ.ಮೀ., ಅಂದರೆ ಹತ್ತಿರಹತ್ತಿರ ಹತ್ತು ಸುತ್ತು. ಐದು ಮಿಲಿಮೀಟರಿನ ಬಿಲ್ಲೆ ನಾಲ್ಕು ಸುತ್ತನ್ನು ನುಂಗುತ್ತದೆ.

ಇದನ್ನು ನೋಡಲು ಉಪಕರಣ ಬೇಡ. ಹಾಸನದ ಕಡೆಯ ಒಂದು ಗ್ಯಾರೇಜಿನಲ್ಲಿ ಹೊಸ ಹುಡುಗನೊಬ್ಬ ಸ್ಪೇಸರ್ ಕೂರಿಸಿ ಏರ್ ಗನ್ ಎತ್ತಿಕೊಂಡಾಗ, ಹಿರಿಯ ಮೇಸ್ತ್ರಿ ಹಿಂದಿನಿಂದ ಕೂಗಿದ್ದು ನೆನಪಿದೆ: "ಗನ್ ಕೆಳಗಿಡೋ ತಮ್ಮಾ. ಮೊದಲು ಕೈಯಲ್ಲಿ ಸುತ್ತಿ ಎಣಿಸು, ಎಷ್ಟು ಸುತ್ತು ಹೋಗುತ್ತೆ ಅಂತ." ಹುಡುಗ ಎಣಿಸಿದ. ಆರಕ್ಕೇ ನಿಂತಿತು. "ಬಿಲ್ಲೆ ತೆಗಿ" ಎಂದರು ಮೇಸ್ತ್ರಿ. ಕಾರಿನ ಮಾಲೀಕ "ಬಿಗಿಯಾಗಿ ಕೂತಿದೆಯಲ್ಲ ಸಾರ್" ಎಂದು ವಾದಿಸಿದ. ಬಿಗಿಯಾಗಿ ಕೂತದ್ದು ನಿಜವೇ. ಆರು ಸುತ್ತಿನ ಮೇಲೂ ನಟ್ಟು ಬಿಗಿಯುತ್ತದೆ, ಪಾನಾಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸವಿರುವುದು ಆ ಆರು ಸುತ್ತಿನ ಥ್ರೆಡ್ಡು ಗುಂಡಿ, ಬ್ರೇಕು, ತಿರುವುಗಳನ್ನೆಲ್ಲ ಎಷ್ಟು ಕಾಲ ತಡೆದೀತು ಎಂಬುದರಲ್ಲಿ. ಅಲಾಯ್ ವೀಲಿನ ನಡುಭಾಗ ಉಕ್ಕಿನ ರಿಮ್ಮಿಗಿಂತ ದಪ್ಪವಿರುವುದೂ ಉಂಟು. ಹಾಗಿದ್ದರೆ ಬಿಲ್ಲೆ ಬರುವ ಮೊದಲೇ ಒಂದೆರಡು ಸುತ್ತು ಖರ್ಚಾಗಿರುತ್ತದೆ. ಆದ್ದರಿಂದ ಎಣಿಕೆಯನ್ನು ಮಾಡಬೇಕಾದದ್ದು ಈಗ ಹಾಕುತ್ತಿರುವ ಚಕ್ರ ಮತ್ತು ಬಿಲ್ಲೆಯನ್ನು ಕೂರಿಸಿದ ಮೇಲೆ. ಹಳೆಯ ಚಕ್ರದ ಎಣಿಕೆಯಿಂದ ಕಳೆದು ಊಹಿಸುವುದಲ್ಲ.

ಸುತ್ತು ಸಾಲದಿದ್ದರೆ ಬಿಲ್ಲೆ ಬಿಡಬೇಕು, ಅಥವಾ ಹಳೆಯ ಸ್ಟಡ್ಡು ತೆಗೆಸಿ ಅದೇ ಥ್ರೆಡ್ಡಿನ, ಹಬ್ಬಿನ ತೂತಿಗೆ ಅದೇ ಬಿಗಿಯಲ್ಲಿ ಕೂರುವ ಉದ್ದನೆಯ ಸ್ಟಡ್ಡು ಪ್ರೆಸ್ ಹಾಕಿಸಬೇಕು. ಬೇರೆ ಕಾರಿನ ಸ್ಟಡ್ಡನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ, ಆಡುತ್ತದೆಂದು ಹಿಂದೆ ವೆಲ್ಡಿಂಗ್ ಹೊಡೆದದ್ದನ್ನೂ ನೋಡಿದ್ದೇನೆ. ವೆಲ್ಡಿಂಗ್ ಬಿಸಿ ತಾಗಿದ ಸ್ಟಡ್ಡಿನ ಗಡಸುತನ ಹೋಗಿರುತ್ತದೆ. ಆ ಕಾರಿಗೆ ಸ್ಪೇಸರೊಂದೇ ಸಮಸ್ಯೆಯಾಗಿ ಉಳಿದಿರುವುದಿಲ್ಲ.

ಎರಡನೆಯ ದಾರಿ ಕಣ್ಣಿಗೆ ಕಾಣದ್ದು. ನಟ್ಟು ಬಿಗಿದಾಗ ಸ್ಟಡ್ಡು ಹಿಗ್ಗುತ್ತದೆ. ಹಿಗ್ಗಿದ್ದು ಹಿಂದಕ್ಕೆ ಬರಲು ಎಳೆಯುವುದೇ ನಾವು ಹೇಳುತ್ತಿರುವ ಬಿಗಿ. ಆದರೆ ಚಕ್ರದ ಸ್ಟಡ್ಡು ಗಿಡ್ಡ. ನಾಲ್ಕು ಟನ್ ಎಳೆತಕ್ಕೆ ಅದು ಹಿಗ್ಗುವುದು ಬರಿಯ 30ರಿಂದ 50 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬಿಗಿಯ ಬಂಡವಾಳವೆಲ್ಲ ಆ ಕೂದಲಿಗಿಂತ ಸಣ್ಣ ಹಿಗ್ಗಿನಲ್ಲಿದೆ. ಒತ್ತಿಕೊಂಡ ಮುಖಗಳ ನಡುವೆ ಇದ್ದ ಬಣ್ಣವೋ ತುಕ್ಕೋ ಮಣ್ಣೋ ಓಡಾಟದಲ್ಲಿ ಪುಡಿಯಾಗಿ 15 ಮೈಕ್ರಾನ್ ತೆಳುವಾಯಿತು ಅನ್ನಿ. ಬಿಗಿಯಲ್ಲಿ ಮೂರನೇ ಒಂದು ಪಾಲೋ ಅರ್ಧವೋ ಮಾಯ. ನಟ್ಟು ಒಂದು ಎಳೆಯೂ ತಿರುಗದೆ ಚಕ್ರ ಸಡಿಲವಾಗುವುದು ಹೀಗೆ. ಚೆಂದಕ್ಕೆಂದು ಕಪ್ಪು ಅಥವಾ ಕೆಂಪು ಪೌಡರ್ ಕೋಟಿಂಗ್ ಮಾಡಿಸಿದ ಸ್ಪೇಸರುಗಳನ್ನು ನಾನು ನಂಬದಿರುವುದು ಇದಕ್ಕೇ. ಆ ಬಣ್ಣದ ಪದರವೇ 60ರಿಂದ 100 ಮೈಕ್ರಾನ್ ಇರುತ್ತದೆ, ಅದೂ ಎರಡೂ ಮುಖಕ್ಕೆ.

ಸ್ಪೇಸರ್ ಇಲ್ಲದಾಗ ಹಬ್ಬು ಮತ್ತು ಚಕ್ರ ಸೇರುವ ಜಾಗ ಒಂದು. ಸ್ಪೇಸರ್ ಹಾಕಿದರೆ ಎರಡಾಗುತ್ತದೆ. ಹಾಗಾಗಿ ಅದನ್ನು ಕೂರಿಸುವ ಮುನ್ನ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಡಿಸ್ಕ್ ಅಥವಾ ಡ್ರಮ್ಮನ್ನು ಹಿಡಿದಿಡುವ ಚಿಕ್ಕ ಸ್ಕ್ರೂ ತಲೆ ಮೇಲೆದ್ದಿದೆಯೇ ನೋಡಬೇಕು. ಎದ್ದಿದ್ದರೆ ಬಿಲ್ಲೆ ಅದರ ಮೇಲೆ ಕೂತು ಒಂದು ಬದಿ ಓರೆಯಾಗುತ್ತದೆ. ಹಬ್ಬಿನ ನಡುಗುಬ್ಬಿಯ ಬುಡದಲ್ಲಿ ಸಣ್ಣ ಇಳಿಜಾರು ಇರುವುದುಂಟು, ಅದಕ್ಕೆ ತಕ್ಕಂತೆ ಬಿಲ್ಲೆಯ ಒಳ ಅಂಚನ್ನೂ ಓರೆಗೆ ಕೊರೆದಿರಬೇಕು. ಚೂಪು ಅಂಚಿನ ಅಗ್ಗದ ಬಿಲ್ಲೆ ಆ ಇಳಿಜಾರಿನ ಮೇಲೆ ಹತ್ತಿ ಕೂರುತ್ತದೆ. ಕೈಯಲ್ಲಿ ಒತ್ತಿ ಹಿಡಿದು, ಹಿಂದೆ ಬೆಳಕಿಟ್ಟು ನೋಡಿದರೆ ಸಂದು ಕಾಣುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಕಬ್ಬಿಣದ ಹಬ್ಬಿಗೆ ಅಲ್ಯೂಮಿನಿಯಂ ಬಿಲ್ಲೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಅದಕ್ಕೆ ನಡುಗುಬ್ಬಿಯ ಸುತ್ತ ಮಾತ್ರ ಗ್ರೀಸನ್ನು ತೆಳ್ಳಗೆ ಸವರಬಹುದು. ಒತ್ತುವ ಮುಖಕ್ಕೂ ಥ್ರೆಡ್ಡಿಗೂ ಬೇಡ. ಥ್ರೆಡ್ಡಿಗೆ ಎಣ್ಣೆ ಬಿಟ್ಟರೆ ಅದೇ ಟಾರ್ಕಿನಲ್ಲಿ ನಟ್ಟು ಹೆಚ್ಚು ಮುಂದೆ ಹೋಗುತ್ತದೆ, ಸ್ಟಡ್ಡು ಮಿತಿ ಮೀರಿ ಹಿಗ್ಗುತ್ತದೆ.

ಚಕ್ರ ನಟ್ಟನಡುವೆ ಕೂರುವುದು ಇನ್ನೊಂದು ಪ್ರಶ್ನೆ. ಸ್ವಿಫ್ಟ್‌ನ ನಡುಗುಬ್ಬಿ 54.1 ಮಿ.ಮೀ. ಅದರ ಮೇಲೆ ಚಕ್ರದ ನಡುತೂತು ಸರಿಯಾಗಿ ಕೂತರೆ ಚಕ್ರ ತಾನಾಗಿ ಕೇಂದ್ರಕ್ಕೆ ಬರುತ್ತದೆ. ಒಳ್ಳೆಯ ಸ್ಪೇಸರಿನ ಒಳತೂತು ಹಬ್ಬಿಗೆ ಸರಿಹೊಂದುತ್ತದೆ, ಹೊರಮುಖದಲ್ಲಿ ಅಂಥದೇ ಗುಬ್ಬಿ ಮತ್ತೆ ಮೂಡಿರುತ್ತದೆ. ತೀರ ತೆಳ್ಳನೆಯ ಬಿಲ್ಲೆಗೆ ಗುಬ್ಬಿ ಕೊರೆಯಲು ಜಾಗವಿಲ್ಲ, ಇದ್ದ ಹಬ್ಬಿನ ಗುಬ್ಬಿಯನ್ನೂ ಅದು ಅರ್ಧ ಮುಚ್ಚುತ್ತದೆ. ಆಗ ಚಕ್ರವನ್ನು ಕೇಂದ್ರಕ್ಕೆ ತರುವುದು ಕೋನಾಕಾರದ ನಟ್ಟುಗಳು ಮಾತ್ರ. ಚಕ್ರ ನೆಲಕ್ಕೆ ತಾಗದಂತೆ ಜಾಕಿನ ಮೇಲೆಯೇ ಎದುರುಬದುರಾಗಿ ಸ್ವಲ್ಪಸ್ವಲ್ಪ ಬಿಗಿದರೆ ಅವು ಆ ಕೆಲಸ ಮಾಡಬಲ್ಲವು. ಗುಬ್ಬಿ ಭಾರ ಹೊರುವುದಿಲ್ಲ, ಬರಿಯ ದಾರಿ ತೋರಿಸುತ್ತದೆ. ಆದರೆ 'ಎಲ್ಲ ಕಾರಿಗೂ ಆಗುತ್ತೆ' ಎಂದು ಮಾರುವ ಬಿಲ್ಲೆಗಳ ಕತೆಯೇ ಬೇರೆ. ನಾಲ್ಕು ಸ್ಟಡ್ಡಿಗೂ ಐದಕ್ಕೂ ಹೊಂದಲಿ ಎಂದು ಉದ್ದುದ್ದ ಸೀಳು ಕೊರೆದು, ನಡುತೂತನ್ನು ಅಗಲ ಮಾಡಿ, ಅಚ್ಚಿಗೆ ಹೊಯ್ದ ಅಲ್ಯೂಮಿನಿಯಂ. ಸ್ಟಡ್ಡಿನ ಸುತ್ತ ಒತ್ತಡ ತಡೆಯಬೇಕಾದ ಕಡೆಯಲ್ಲೇ ಲೋಹ ಇಲ್ಲ. ಅದಕ್ಕಿಂತ ಕೆಟ್ಟದ್ದು ಪ್ರತಿ ಸ್ಟಡ್ಡಿಗೂ ಎರಡೆರಡು ವಾಷರ್ ಹಾಕಿ ಚಕ್ರ ಹೊರತಳ್ಳುವ ರಸ್ತೆಬದಿಯ ಉಪಾಯ. ಅಲ್ಲಿ ಇಡೀ ಚಕ್ರ ನಾಲ್ಕು ವಾಷರಿನ ಮೇಲೆ ನಿಂತಿರುತ್ತದೆ.

ಇನ್ನು ದಪ್ಪ ಬಿಲ್ಲೆಗಳು, ಅವುಗಳ ಜೊತೆಗೇ ಅಡಾಪ್ಟರ್. ಸುಮಾರು 20 ಮಿ.ಮೀ. ದಾಟಿದ ಮೇಲೆ ಬಿಲ್ಲೆಯನ್ನು ಸುಮ್ಮನೆ ನಡುವೆ ತೂರಿಸುವುದಿಲ್ಲ. ಕಾರಿನ ಸ್ಟಡ್ಡುಗಳಿಗೆ ಬಿಲ್ಲೆಯನ್ನೇ ಅದರದೇ ನಟ್ಟುಗಳಿಂದ ಬಿಗಿಯುತ್ತಾರೆ, ಬಿಲ್ಲೆಯಲ್ಲಿ ಮೊದಲೇ ಕೂರಿಸಿರುವ ಬೇರೆ ಸ್ಟಡ್ಡುಗಳಿಗೆ ಚಕ್ರವನ್ನು ಬಿಗಿಯುತ್ತಾರೆ. ಥ್ರೆಡ್ ಸಾಲದೆಂಬ ತೊಂದರೆ ಇಲ್ಲಿಲ್ಲ. ಆ ಲೆಕ್ಕಕ್ಕೆ ನೋಡಿದರೆ ಐದು ಮಿಲಿಮೀಟರಿನ ಬಿಲ್ಲೆಗಿಂತ 25ರದ್ದೇ ವಾಸಿ ಎನ್ನುವುದು ವಿಚಿತ್ರವಾದರೂ ಸತ್ಯ. ಹೊಸ ಸ್ಟಡ್ಡುಗಳನ್ನು ಬೇರೆ ವೃತ್ತದ ಮೇಲೆ ಕೂರಿಸಿದರೆ ಅದೇ ಅಡಾಪ್ಟರ್. ಸ್ಟಡ್ಡುಗಳು ಕೂತಿರುವ ವೃತ್ತದ ವ್ಯಾಸಕ್ಕೆ ಪಿಸಿಡಿ ಎನ್ನುತ್ತಾರೆ. ಸ್ವಿಫ್ಟ್‌ನದು ನಾಲ್ಕು ಸ್ಟಡ್ಡು, 100 ಮಿ.ಮೀ. ಹಳೆಯ ಫಿಯೆಟ್ ಪಾಲಿಯೊದ್ದು ನಾಲ್ಕು ತೂತು, 98. ಪಾಲಿಯೊ ಪ್ರಿಯರಿಗೆ 98ರ ಅಲಾಯ್ ಸಿಗುವುದು ಕಷ್ಟ, 100ರದ್ದು ಎಲ್ಲೆಲ್ಲೂ ಸಿಗುತ್ತದೆ. ಎರಡೇ ಮಿಲಿಮೀಟರ್ ವ್ಯತ್ಯಾಸವಲ್ಲವೇ ಎಂದು ಬಲವಂತದಿಂದ ಬಿಗಿದವರಿದ್ದಾರೆ. ಬಿಗಿಯುವುದೂ ನಿಜ. ಆದರೆ ಪ್ರತಿ ಬೋಲ್ಟಿನ ಕೋನವೂ ತನ್ನ ಗೂಡಿನಲ್ಲಿ ಒಂದೇ ಬದಿಗೆ ಒರಗಿ ಕೂರುತ್ತದೆ, ಬೋಲ್ಟು ಮೊದಲ ದಿನದಿಂದಲೇ ಬಾಗಿರುತ್ತದೆ. ಇಂಥಲ್ಲಿ ಒತ್ತಾಯಕ್ಕಿಂತ ಸರಿಯಾದ ಅಡಾಪ್ಟರ್ ಎಷ್ಟೋ ಮೇಲು.

ದಪ್ಪ ಬಿಲ್ಲೆಯ ದೌರ್ಬಲ್ಯವೇ ಬೇರೆ: ಒಳಗಿನ ನಟ್ಟುಗಳು ಚಕ್ರದ ಹಿಂದೆ ಅಡಗಿರುತ್ತವೆ. ಪಂಚರ್ ಅಂಗಡಿಯವನು ಹೊರಗಿನ ನಟ್ಟುಗಳನ್ನು ಬಿಗಿದು 'ಆಯ್ತು ಸಾರ್' ಎಂದರೆ ಅರ್ಧ ಕೆಲಸ ಮಾತ್ರ ಆಗಿದೆ. ಒಳಗಿನವು ಸಡಿಲಗೊಂಡರೆ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಹೊಸದಾಗಿ ಹಾಕಿದಾಗ 50ರಿಂದ 100 ಕಿ.ಮೀ. ಓಡಿಸಿ, ಚಕ್ರ ಬಿಚ್ಚಿ, ಒಳಗಿನ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ನೋಡಬೇಕು. ಮೊದಲ ಓಡಾಟದಲ್ಲಿ ಮುಖಗಳು ಒಂದಕ್ಕೊಂದು ಕೂತುಕೊಳ್ಳುತ್ತವೆ, ಮೈಕ್ರಾನುಗಳ ಲೆಕ್ಕ ಇಲ್ಲೇ ಇತ್ಯರ್ಥವಾಗುವುದು. ಮುಂದೆ ಟೈರು ಅದಲುಬದಲು ಮಾಡುವಾಗಲೆಲ್ಲ ಹೀಗೆಯೇ ನೋಡಬೇಕು. ಕಾರಿನ ಹಳೆಯ ಸ್ಟಡ್ಡುಗಳ ತುದಿ ಬಿಲ್ಲೆಯಿಂದ ಹೊರಚಾಚಿದ್ದರೆ ಚಕ್ರದ ಹಿಂಬದಿಯಲ್ಲಿ ಅದಕ್ಕೆ ಗುಳಿ ಇರಬೇಕು. ಇಲ್ಲದಿದ್ದರೆ ಚಕ್ರ ಬಿಲ್ಲೆಯನ್ನು ಮುಟ್ಟದೆ ಸ್ಟಡ್ಡಿನ ತುದಿಗಳ ಮೇಲೆ ನಿಂತಿರುತ್ತದೆ.

ಸಡಿಲಗೊಂಡ ಚಕ್ರ ಸುಮ್ಮನಿರುವುದಿಲ್ಲ. ನಿಂತ ಕಾರು ಹೊರಡುವಾಗ, ರಿವರ್ಸ್ ತೆಗೆಯುವಾಗ ಒಂದು 'ಟಕ್' ಸದ್ದು. ನಿಧಾನವಾಗಿ ತಿರುಗಿಸುವಾಗ ಚಕ್ರದ ಕಡೆಯಿಂದ ಲಯವಾಗಿ ಬರುವ ಟಿಕ್ ಟಿಕ್. ನಟ್ಟಿನ ಸುತ್ತ ಹರಡಿದ ಕಪ್ಪು ಪುಡಿ, ಅಥವಾ ಮಳೆಯ ನಂತರ ಇಳಿದ ತುಕ್ಕಿನ ಗೆರೆ. ಈ ಕಪ್ಪು ಪುಡಿ ಮುಖಗಳು ಒಂದರ ಮೇಲೊಂದು ಉಜ್ಜಿ ಉದುರಿಸಿದ ಲೋಹ. ಇವುಗಳಲ್ಲಿ ಒಂದು ಕಂಡರೂ ಗಾಡಿ ಪಕ್ಕಕ್ಕೆ ಹಾಕಬೇಕು. 80–100ರ ವೇಗದಲ್ಲಿ ಮಾತ್ರ ಬರುವ ನಡುಕ ಹೆಚ್ಚಾಗಿ ಚಕ್ರ ಕೇಂದ್ರ ತಪ್ಪಿದ್ದರಿಂದ. ಅದು ಕಿರಿಕಿರಿ, ಮೊದಲಿನವು ಅಪಾಯ. ಒಂದು ಸ್ಟಡ್ಡು ಮುರಿದಿದ್ದರೆ ಆ ಚಕ್ರದ ಅಷ್ಟೂ ಸ್ಟಡ್ಡುಗಳನ್ನು ಬದಲಿಸಬೇಕು. ಉಳಿದವು ಅದರ ಪಾಲಿನ ಬಾಗುವಿಕೆಯನ್ನೂ ತಾವೇ ತಿಂದಿರುತ್ತವೆ.

ಚಕ್ರ ಹೊರಬಂದದ್ದರ ಪರಿಣಾಮ ಏನು? ಬೇರಿಂಗಿನ ಮಾತು ತುಸು ಉತ್ಪ್ರೇಕ್ಷೆ. 300 ಕಿಲೋ ಭಾರ 5 ಮಿ.ಮೀ. ಹೊರಸರಿದರೆ ಬೇರಿಂಗನ್ನು ತಿರುಚುವ ಬಲ ಒಂದೂವರೆ ಕಿಲೋ-ಮೀಟರ್‌ನಷ್ಟು, ಅಂದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಒಂದೂವರೆ ಕಿಲೋ ತೂಗಹಾಕಿದಷ್ಟು. ಚುರುಕಾಗಿ ತಿರುವು ತೆಗೆದುಕೊಂಡಾಗ ಟೈರಿನ ಬುಡಕ್ಕೆ ಬೀಳುವ ಅಡ್ಡಬಲ ಅದೇ ಬೇರಿಂಗನ್ನು ಇದರ ಮೂವತ್ತು ಪಟ್ಟು ತಿರುಚುತ್ತದೆ. 25 ಮಿ.ಮೀ. ಆದಾಗ ಮಾತ್ರ ಲೆಕ್ಕ ಏಳೂವರೆಗೆ ಏರುತ್ತದೆ. ತಿರುವು ಕ್ಷಣದ್ದು, ಇದು ಕಾರು ಓಡುವಷ್ಟು ಹೊತ್ತೂ ಇರುವಂಥದ್ದು. ಗುಂಡಿಗಳು ಅದನ್ನು ಗುಣಿಸುತ್ತವೆ. ಬೇರಿಂಗಿನ ಆಯಸ್ಸು ಅಲ್ಲಿ ನಿಜವಾಗಿ ಕಡಿಮೆಯಾಗುತ್ತದೆ.

ಸ್ಟೀರಿಂಗಿನ ವಿಷಯ ಹೆಚ್ಚು ಸೂಕ್ಷ್ಮ. ಮುಂದಿನ ಚಕ್ರ ಯಾವ ಅಕ್ಷದ ಮೇಲೆ ತಿರುಗುತ್ತದೋ ಆ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರಿನ ನಡುವಿಗೆ ಬಹಳ ಹತ್ತಿರ ಬಂದು ಸೇರುವಂತೆ ವಿನ್ಯಾಸ ಮಾಡಿರುತ್ತಾರೆ. ಮುಂಚಕ್ರ ಎಳೆಯುವ ಎಷ್ಟೋ ಕಾರುಗಳಲ್ಲಿ ಆ ಗೆರೆ ಬೇಕೆಂದೇ ಟೈರಿನ ನಡುವಿಗಿಂತ ತುಸು ಹೊರಗೆ ಬೀಳುತ್ತದೆ. ಒಂದು ಚಕ್ರ ಮಣ್ಣಿನಂಚಿನಲ್ಲಿ, ಇನ್ನೊಂದು ಟಾರಿನ ಮೇಲೆ ಇರುವಾಗ ಬ್ರೇಕು ಒತ್ತಿದರೆ ಸ್ಟೀರಿಂಗ್ ತಾನೇ ಕಾರನ್ನು ನೇರಕ್ಕೆ ಎಳೆಯಲಿ ಎಂಬ ಉದ್ದೇಶ. ಮುಂದಿನ ಚಕ್ರಗಳನ್ನು ಹೊರಗೆ ತಳ್ಳಿದರೆ ಈ ಅಂತರ ಅಳಿದು ತಿರುವುಮುರುವಾಗುತ್ತದೆ. ಆಮೇಲೆ ಅಂಥ ಬ್ರೇಕಿನಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಗುಂಡಿ ಬಿದ್ದ ಪ್ರತಿ ಸಲ ಒದೆಯುತ್ತದೆ. ಹಾಕಲೇಬೇಕೆಂದಿದ್ದರೆ ಹಿಂದಿನ ಚಕ್ರಗಳಿಗೆ ಹಾಕುವುದು ಕಡಿಮೆ ಕೆಡುಕು.

ಕಾರ್ಖಾನೆಯವರಿಗೇ ಚಕ್ರ ಹೊರಗೆ ಬೇಕಾದಾಗ ಏನು ಮಾಡುತ್ತಾರೆ ಎಂಬುದಕ್ಕೆ ನಮ್ಮ ಮಾರುತಿ ಜಿಪ್ಸಿ ಒಳ್ಳೆಯ ಉದಾಹರಣೆ. ಮೊದಲ ಜಿಪ್ಸಿ ಕಿರಿದು, ಎತ್ತರ, ಓಲಾಡುತ್ತಿತ್ತು. 1993ರಲ್ಲಿ ಅದರ ಚಕ್ರಗಳ ನಡುವಿನ ಅಂತರವನ್ನು 90 ಮಿ.ಮೀ. ಹೆಚ್ಚಿಸಿದರು, ಬದಿಗೆ 45. ಬಿಲ್ಲೆ ಇಟ್ಟಲ್ಲ, ಆಕ್ಸಲ್ಲುಗಳನ್ನೇ ಉದ್ದ ಮಾಡಿ. ಹಾಗೆಂದು ದೊಡ್ಡ ಕಂಪನಿಗಳು ಬಿಲ್ಲೆಯನ್ನು ಮುಟ್ಟುವುದೇ ಇಲ್ಲ ಎಂದಲ್ಲ. ಪೋರ್ಷೆ ತಾನೇ 5 ಮಿ.ಮೀ. ಸ್ಪೇಸರನ್ನು ಅದಕ್ಕೆ ತಕ್ಕ ಉದ್ದದ ಬೋಲ್ಟುಗಳ ಸಮೇತ ಕೊಟ್ಟಿದ್ದುಂಟು. ಜರ್ಮನಿಯಲ್ಲಿ ಎಚ್ ಅಂಡ್ ಆರ್, ಐಬಾಕ್‌ನಂಥವರ ಸ್ಪೇಸರುಗಳಿಗೆ ಯಾವ ಕಾರಿಗೆ, ಯಾವ ಚಕ್ರದ ಜೊತೆ, ಎಷ್ಟು ದಪ್ಪದ್ದು ಎಂದು ಬರೆದ ಪರೀಕ್ಷಾ ಪತ್ರ ಬರುತ್ತದೆ, ಹಾಕಿಸಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಆಸ್ಟ್ರೇಲಿಯಾದ ವಾಹನ ಮಾರ್ಪಾಡು ನಿಯಮಗಳು ಮಾತ್ರ ಕಾರ್ಖಾನೆಯಿಂದಲೇ ಬಂದದ್ದಲ್ಲದಿದ್ದರೆ ಬೇಡ ಎನ್ನುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಒಪ್ಪಬಹುದಾದ ಸಂದರ್ಭಗಳು ಎರಡು. ಹೊಸ ರಿಮ್ಮಿನ ಕಡ್ಡಿ ಬ್ರೇಕ್ ಕ್ಯಾಲಿಪರಿಗೆ ಒಂದೆರಡು ಮಿಲಿಮೀಟರಿನಿಂದ ತಾಗುತ್ತಿದ್ದು, 3 ಮಿ.ಮೀ. ಬಿಲ್ಲೆ ಹಾಕಿದ ಮೇಲೂ ನಟ್ಟು ಹತ್ತು ಸುತ್ತು ಹೋಗುವುದಾದರೆ ಹಾಕಬಹುದು. ಇನ್ನೊಂದು ಕೊಡಗು, ಸಕಲೇಶಪುರದ ತೋಟದ ದಾರಿಗಳಲ್ಲಿ ಓಡುವ ಜಿಪ್ಸಿ, ಜಿಮ್ನಿಯಂಥ ಗಾಡಿಗಳದ್ದು. ಅಗಲ ಟೈರು ಹಾಕಿದಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗಿನ ಸಸ್ಪೆನ್ಷನ್ ಭಾಗಕ್ಕೆ ತಾಗುತ್ತದೆ. ಅಲ್ಲಿ ಅದೇ ಗಾಡಿಯ ಐದು ಸ್ಟಡ್ಡು, 139.7 ಪಿಸಿಡಿ, 108ರ ಸುಮಾರಿನ ನಡುತೂತಿಗೆಂದೇ ಗಟ್ಟಿ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದ 25–30 ಮಿ.ಮೀ. ಬಿಲ್ಲೆ, ನಿಧಾನ ಓಡಾಟ, ಮಾಲೀಕನೇ ಒಳಗಿನ ನಟ್ಟುಗಳನ್ನು ನೋಡಿಕೊಳ್ಳುವ ಶಿಸ್ತು ಇದ್ದರೆ ನಡೆಯುತ್ತದೆ. ಅಷ್ಟಾದರೂ ಮುಂಚಕ್ರದ ಒದೆತವನ್ನು ಸಹಿಸಿಕೊಳ್ಳಲೇಬೇಕು. ಸರಿಯಾದ ಆಫ್‌ಸೆಟ್ಟಿನ ರಿಮ್ಮು ಸಿಗುತ್ತಿದ್ದರೆ ಎರಡಕ್ಕೂ ಬಿಲ್ಲೆ ಬೇಡ. ಬಿಲ್ಲೆಯ ಮೇಲೊಂದು ಬಿಲ್ಲೆಯಂತೂ ಯಾವ ಕಾರಣಕ್ಕೂ ಬೇಡ. ಹೆದ್ದಾರಿಯಲ್ಲಿ ಓಡುವ ಮನೆಯ ಕಾರು ಚೆಂದ ಕಾಣಲಿ ಎಂದು ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಕಾನೂನಿನ ಕಡೆಯಿಂದ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟದ್ದಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಟೈರು ಮಡ್‌ಗಾರ್ಡಿನಿಂದ ಹೊರಗೆ ಕಾಣುವಂತಿದ್ದರೆ ಪೊಲೀಸರ ಕಣ್ಣಿಗೂ ಬೀಳುತ್ತದೆ. ಅಪಘಾತದ ಬಳಿಕ ವಿಮಾ ಸರ್ವೇಯರ್ ಚಕ್ರ ಬಿಚ್ಚಿಸಿದಾಗ ತಿಳಿಸದೆ ಹಾಕಿದ ಬಿಲ್ಲೆ ಸಿಕ್ಕರೆ ಕ್ಲೇಮಿಗೆ ತಕರಾರು ಶುರುವಾಗುತ್ತದೆ.

ಹಳೆಯ ಕಾರು ಕೊಳ್ಳುವವರು ಅಲಾಯ್ ವೀಲ್ ಕಂಡರೆ ಒಂದು ಚಕ್ರ ಬಿಚ್ಚಿಸಿ ನೋಡುವುದು ಒಳ್ಳೆಯದು. ಬಿಲ್ಲೆ ಇರುವ ಕಾರು ನಿಮ್ಮದಾದರೆ ಸ್ಟೆಪ್ನಿಯ ವಿಷಯ ಮೊದಲೇ ಯೋಚಿಸಿಡಿ. ಪಿಸಿಡಿ ಬದಲಿಸುವ ಅಡಾಪ್ಟರ್ ಇದ್ದರೆ ಕಂಪನಿಯ ಸ್ಟೆಪ್ನಿ ಅದಕ್ಕೆ ಕೂರುವುದಿಲ್ಲ. ರಾತ್ರಿ ಘಾಟಿಯಲ್ಲಿ ಪಂಚರಾದರೆ ಅಡಾಪ್ಟರನ್ನೇ ಬಿಚ್ಚಬೇಕು, ಅದರ ನಟ್ಟಿಗೆ ಹೊಂದುವ ಪಾನಾ ಡಿಕ್ಕಿಯಲ್ಲಿರಬೇಕು, ಕಂಪನಿಯ ಹಳೆಯ ನಟ್ಟುಗಳೂ ಇರಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಸ್ಟಡ್ಡಿಲ್ಲದ, ಬೋಲ್ಟು ಬಿಗಿಯುವ ಕಾರುಗಳಲ್ಲಿ ಇದು ಇನ್ನೂ ಮುಖ್ಯ. ಬಿಲ್ಲೆಗೆಂದು ಹಾಕಿದ ಉದ್ದ ಬೋಲ್ಟನ್ನು ಬಿಲ್ಲೆ ಇಲ್ಲದ ಸ್ಟೆಪ್ನಿಗೆ ಹಾಕಿದರೆ ಅದರ ತುದಿ ಹಬ್ಬು ದಾಟಿ ಹಿಂದಿನ ಬ್ರೇಕಿನ ಭಾಗಕ್ಕೋ ಎಬಿಎಸ್ ಸೆನ್ಸರಿಗೋ ತಾಗುತ್ತದೆ, ಇಲ್ಲವೇ ಅಡ್ಡ ನಿಂತು ಚಕ್ರ ಬಿಗಿಯದಿದ್ದರೂ ಬಿಗಿದಂತೆ ತೋರಿಸುತ್ತದೆ. ಕಂಪನಿಯ ಐದು ಗಿಡ್ಡ ಬೋಲ್ಟುಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ ಸ್ಟೆಪ್ನಿಯ ನಡುಗುಳಿಯಲ್ಲೇ ಇಟ್ಟು, ಮೇಲೆ ಚೀಟಿ ಅಂಟಿಸಿಬಿಡಿ. ಚಕ್ರ ಬದಲಿಸುವವರು ಆ ಹೊತ್ತಿಗೆ ನೀವೇ ಆಗಿರುತ್ತೀರಿ ಎಂದು ಹೇಳಲಾಗದು.